ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಜನ ನಿಲ್ಲುತ್ತಿಲ್ಲ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಕ್ರಮ

ಹೆಚ್ಚಿನ ಕಾರ್ಖಾನೆಗಳಲ್ಲಿ ಆಡಳಿತ ಮಂಡಳಿಯ ಮುಂದೆ ಹೋಗುವ ಅಟ್ರಿಷನ್ ವರದಿ, ಎಂದರೆ ಎಷ್ಟು ಜನ ಕೆಲಸ ಬಿಟ್ಟರು ಎಂಬ ವರದಿ, ಒಂದೇ ಸಂಖ್ಯೆ ಹೇಳುತ್ತದೆ: ಈ ವರ್ಷ ಶೇ 48. ಪಕ್ಕದಲ್ಲಿ ಕಳೆದ ವರ್ಷದ ಸಂಖ್ಯೆ, ಕೆಳಗೆ ವಿಭಾಗವಾರು ಬಣ್ಣದ ಕಂಬಗಳು, ಕೊನೆಗೆ 'ಉದ್ಯೋಗಿ ಸ್ನೇಹಿ ಕಾರ್ಯಕ್ರಮ ಹೆಚ್ಚಿಸಬೇಕು' ಎಂಬ ಸಾಲು. ಅದನ್ನು ಓದಿದ ಜನರಲ್ ಮ್ಯಾನೇಜರ್ ನಾಳೆ ಬೆಳಿಗ್ಗೆ ಯಾರನ್ನು ಕರೆದು ಏನು ಹೇಳಬೇಕು? ಅದಕ್ಕೆ ವರದಿಯಲ್ಲಿ ಉತ್ತರವಿರುವುದಿಲ್ಲ. ಹಾಗಾಗಿ ಆಯುಧಪೂಜೆಗೆ ರಂಗೋಲಿ ಸ್ಪರ್ಧೆ ನಡೆಯುತ್ತದೆ, ಮುಂದಿನ ವರ್ಷವೂ ಶೇ 48 ಬರುತ್ತದೆ.

ಈ ಕೈಪಿಡಿ ಎಚ್‌ಆರ್ ವಿಭಾಗದಲ್ಲಿ ಕೂತು ಆ ವರದಿಯನ್ನು ತಯಾರಿಸುವವರಿಗಾಗಿ. ಸಿದ್ಧ ಉಡುಪು ಕಾರ್ಖಾನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮದ್ದೂರಿನವರೆಗೆ ಹರಡಿರುವ ಈ ಉದ್ಯಮದಲ್ಲಿ ಜನ ಬಂದು ಹೋಗುವ ವೇಗವೇ ಬೇರೆ. ಸಾಫ್ಟ್‌ವೇರ್ ಕಂಪನಿಗಾಗಿ ಮಾಡಿದ ವರದಿಯ ಮಾದರಿಯನ್ನು ಇಲ್ಲಿಗೆ ತಂದರೆ ದೋಷ ಕಾಣುವ ಬದಲು ಮುಚ್ಚಿಹೋಗುತ್ತದೆ. ಕೆಳಗಿನ ಲೆಕ್ಕದಲ್ಲಿರುವ ಅಂಕಿಗಳು ವಿವರಣೆಗಾಗಿ ಕಟ್ಟಿಕೊಂಡವು, ಯಾವ ಕಾರ್ಖಾನೆಯವೂ ಅಲ್ಲ. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿ ನೋಡಿ.

ಮೊದಲು ದಾಖಲೆ ಸರಿಯಿದೆಯೇ ನೋಡಿ

ಶೇಕಡಾವಾರು ಲೆಕ್ಕಕ್ಕೆ ಕೈ ಹಾಕುವ ಮೊದಲು ಬಿಟ್ಟುಹೋದವರ ಪಟ್ಟಿಯನ್ನೇ ಅನುಮಾನದಿಂದ ನೋಡಬೇಕು. ಈ ಪಟ್ಟಿ ಸಾಮಾನ್ಯವಾಗಿ ಎರಡು ಕಡೆ ಸುಳ್ಳು ಹೇಳುತ್ತದೆ.

ಒಂದು, ಬಿಟ್ಟ ದಿನಾಂಕ. ಗಾರ್ಮೆಂಟ್ಸ್‌ನಲ್ಲಿ ರಾಜೀನಾಮೆ ಬರೆದುಕೊಟ್ಟು ಹೋಗುವವರು ಕಡಿಮೆ. ಸಂಬಳ ಬಂದ ಮರುದಿನದಿಂದ ಬರುವುದಿಲ್ಲ, ಫೋನ್ ಎತ್ತುವುದಿಲ್ಲ. ಕಚೇರಿಯವರು ಒಂದೆರಡು ವಾರ ಕಾದು, ಪತ್ರ ಕಳಿಸಿ, ತಿಂಗಳ ಕೊನೆಗೆ ಎಲ್ಲರ ಹೆಸರನ್ನೂ ಒಟ್ಟಿಗೆ ಹಾಜರಿ ಪುಸ್ತಕದಿಂದ ತೆಗೆಯುತ್ತಾರೆ. ಹೆಸರು ತೆಗೆದ ಆ ದಿನವೇ 'ಬಿಟ್ಟ ದಿನಾಂಕ' ಎಂದು ಸಿಸ್ಟಂನಲ್ಲಿ ಕೂರುತ್ತದೆ. ಎಪ್ಪತ್ತು ದಿನ ಕೆಲಸ ಮಾಡಿದ ಹುಡುಗಿ ದಾಖಲೆಯಲ್ಲಿ ನೂರು ದಿನ ದಾಟಿದವಳಾಗುತ್ತಾಳೆ, ಮೊದಲ ಮೂರು ತಿಂಗಳ ಗುಂಪಿನಿಂದ ಮುಂದಿನ ಗುಂಪಿಗೆ ಜಾರುತ್ತಾಳೆ. ಪರಿಹಾರ ಸರಳ: ಪಂಚಿಂಗ್ ಯಂತ್ರದಿಂದ ಪ್ರತಿಯೊಬ್ಬರೂ ಕೊನೆಯ ಬಾರಿ ಪಂಚ್ ಮಾಡಿದ ದಿನಾಂಕ ತೆಗೆದು ಅದನ್ನೇ ಬಿಟ್ಟ ದಿನ ಎಂದು ಹಿಡಿಯಿರಿ. ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ದಿನಾಂಕವಾಗಲಿ, ಪಿಎಫ್ ಪೋರ್ಟಲ್‌ನಲ್ಲಿ ನಮೂದಿಸಿದ ದಿನಾಂಕವಾಗಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎರಡು, ಹೋಗಿ ಮತ್ತೆ ಬಂದವರು. ಐದು ವರ್ಷ ತುಂಬಿದ ಟೈಲರ್ ಕೆಲಸ ಬಿಟ್ಟು, ಗ್ರಾಚ್ಯುಟಿ ಮತ್ತು ಪಿಎಫ್ ಹಣ ತೆಗೆದುಕೊಂಡು, ಕೆಲವು ವಾರಗಳ ನಂತರ ಅದೇ ಗೇಟಿನಲ್ಲಿ ಹೊಸ ಟೋಕನ್ ನಂಬರ್ ಪಡೆದು ಒಳಗೆ ಬರುವುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮಗಳ ಮದುವೆ, ಮನೆಯ ಬೋಗ್ಯದ ಹಣ, ಆಸ್ಪತ್ರೆ ಖರ್ಚು, ಹೀಗೆ ಒಂದಲ್ಲ ಒಂದು ಕಾರಣ ಇರುತ್ತದೆ. ಪಿಎಫ್ ಇವರಿಗೆ ಮುಪ್ಪಿನ ಹಣಕ್ಕಿಂತ ಆಪತ್ತಿನ ಹಣ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂಪಡೆಯಿತು. ಹಣಕ್ಕಾಗಿ ಬಿಟ್ಟು ಮತ್ತೆ ಬಂದವರನ್ನು 'ಅತೃಪ್ತರಾಗಿ ಹೋದವರು' ಎಂದು ಎಣಿಸಿದರೆ ರೋಗವೇ ತಪ್ಪಾಗುತ್ತದೆ. ಅದರ ಮೇಲೆ, ಹನ್ನೆರಡು ವರ್ಷ ಅನುಭವದ ಟೈಲರ್ ದಾಖಲೆಯಲ್ಲಿ 'ಎರಡು ತಿಂಗಳ ಹೊಸಬಳು' ಆಗಿಬಿಡುತ್ತಾಳೆ.

ಇಂಥವರನ್ನು ಹಿಡಿಯಲು ಟೋಕನ್ ನಂಬರ್ ಸಾಲದು, ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಬೇಕು. ಎಷ್ಟು ಸಲ ಸೇರಿದರೂ ಅದು ಬದಲಾಗುವುದಿಲ್ಲ. ವರ್ಷದಲ್ಲಿ ಒಂದು ದಿನವಾದರೂ ಪಟ್ಟಿಯಲ್ಲಿದ್ದ ಎಲ್ಲರನ್ನೂ, ಇರುವವರು ಬಿಟ್ಟವರು ಇಬ್ಬರನ್ನೂ, ಒಂದೇ ಶೀಟಿನಲ್ಲಿ ಹಾಕಿ. B ಕಾಲಂನಲ್ಲಿ ಯುಎಎನ್, C ಸೇರಿದ ದಿನ, D ಕೊನೆಯ ಪಂಚ್ (ಇನ್ನೂ ಇರುವವರಿಗೆ ಖಾಲಿ), E ವಿಭಾಗ, F ಸೇವೆಯ ದಿನಗಳು ಇರಲಿ. ಕೆಳಗಿನವುಗಳಲ್ಲಿ ಮೊದಲನೆಯದು F ಕಾಲಂಗೆ. ಎರಡನೆಯದನ್ನು ಪಕ್ಕದ ಖಾಲಿ ಕಾಲಂನಲ್ಲಿ ಹಾಕಿ, ಅದು 1ಕ್ಕಿಂತ ಹೆಚ್ಚು ಬಂದ ಕಡೆ ಒಬ್ಬರೇ ಎರಡು ಸಲ ಇದ್ದಾರೆ ಎಂದರ್ಥ. ಮೂರನೆಯದು ಹೊಲಿಗೆ ವಿಭಾಗದಲ್ಲಿ 90 ದಿನದೊಳಗೆ ಬಿಟ್ಟವರ ಎಣಿಕೆ.

```
=IF(D2="","",D2-C2+1)
=COUNTIF(B:B,B2)
=COUNTIFS(E:E,"ಹೊಲಿಗೆ",F:F,"<=90")
```

ಇಲ್ಲೊಂದು ಸಣ್ಣ ಅಪಾಯವಿದೆ. ಯುಎಎನ್ ಹನ್ನೆರಡು ಅಂಕಿಯದು. ಎಕ್ಸೆಲ್ ಅದನ್ನು ಮಾಮೂಲಿ ಕಾಲಂನಲ್ಲಿ 1.01E+11 ಎಂಬಂತೆ ತೋರಿಸುತ್ತದೆ. ಹಾಗೆಯೇ CSV ಆಗಿ ಸೇವ್ ಮಾಡಿದರೆ ಹಿಂದಿನ ಅಂಕಿಗಳು ಅಳಿಸಿಹೋಗುತ್ತವೆ, ಆಮೇಲೆ ನೂರಾರು ಜನರ ಯುಎಎನ್ ಒಂದೇ ಆಗಿ ಕಾಣುತ್ತದೆ. 'ಇಷ್ಟೊಂದು ಜನ ಮತ್ತೆ ಸೇರಿದ್ದಾರೆಯೇ' ಎಂದು ಬೆರಗಾಗುವ ಮೊದಲು ಪೋರ್ಟಲ್‌ನಿಂದ ಮತ್ತೊಮ್ಮೆ ಇಳಿಸಿಕೊಂಡು, ಆ ಕಾಲಂ ಅನ್ನು Text ಎಂದು ಆರಿಸಿ ಎಕ್ಸೆಲ್‌ಗೆ ತನ್ನಿ. ಇನ್ನು, ಮೊದಲ ವಾರಗಳಲ್ಲೇ ಬಿಟ್ಟುಹೋದ ಹೊಸಬರಿಗೆ ಯುಎಎನ್ ಆಗಿರುವುದೇ ಇಲ್ಲ. ಅವರನ್ನು ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನ ಈ ಮೂರನ್ನೂ ಜೋಡಿಸಿ ಹೋಲಿಸಬೇಕು. ಕಣ್ಣಿನಿಂದಲೇ ನೋಡಬೇಕಾದ ಕೆಲಸ, ಬೇಸರ ತರುತ್ತದೆ, ಆದರೆ ಬಿಡುವಂತಿಲ್ಲ.

ನಮ್ಮ ಉದಾಹರಣೆಯಲ್ಲಿ ರಿಜಿಸ್ಟರ್ ಪ್ರಕಾರ ವರ್ಷದಲ್ಲಿ ಬಿಟ್ಟವರು 531. ಅವರಲ್ಲಿ 51 ಮಂದಿ ಮೂರು ತಿಂಗಳೊಳಗೆ ಮರಳಿ ಸೇರಿದ್ದಾರೆ. ಅವರನ್ನು ಪಟ್ಟಿಯಿಂದ ತೆಗೆದು ವರದಿಯಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ, ಅವರ ಸೇವಾವಧಿಯನ್ನು ಮೊದಲು ಸೇರಿದ ದಿನದಿಂದಲೇ ಎಣಿಸಿ. ಉಳಿದದ್ದು 480. ವರ್ಷದ ಸರಾಸರಿ ಸಿಬ್ಬಂದಿ 1,000. ಶೇ 48 ಎಂಬ ಸಂಖ್ಯೆ ಬಂದದ್ದು ಹೀಗೆ.

ಸೇವಾವಧಿಯ ಪ್ರಕಾರ ಬಿಡಿಸಿ, ಆದರೆ ಭಾಗಾಕಾರ ಸರಿ ಇರಲಿ

ಬಿಟ್ಟ 480 ಮಂದಿಯಲ್ಲಿ 240 ಜನ ಮೊದಲ ಮೂರು ತಿಂಗಳಲ್ಲೇ ಹೋದರು, ಎಂದರೆ ಶೇ 50. ಸಾಮಾನ್ಯ ವರದಿ ಇಷ್ಟಕ್ಕೆ ನಿಲ್ಲುತ್ತದೆ. ಬಿಟ್ಟವರಲ್ಲಿ ಹೊಸಬರು ಎಷ್ಟು ಎಂದು ಅದು ಹೇಳುತ್ತದೆ. ಒಬ್ಬ ಹೊಸಬಳು ಬಿಡುವ ಸಾಧ್ಯತೆ ಹಳಬಳಿಗಿಂತ ಎಷ್ಟು ಹೆಚ್ಚು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಆಯಾ ಅವಧಿಯ ಗುಂಪಿನಲ್ಲಿ ಸರಾಸರಿ ಎಷ್ಟು ಜನ ಇದ್ದರು ಎಂಬುದರಿಂದ ಭಾಗಿಸಬೇಕು. ಪ್ರತಿ ತಿಂಗಳ ಕೊನೆಯ ದಿನ ಪಟ್ಟಿಯಲ್ಲಿದ್ದವರನ್ನು ಸೇವಾವಧಿಯಂತೆ ಎಣಿಸಿ, ಹನ್ನೆರಡು ತಿಂಗಳ ಸರಾಸರಿ ತೆಗೆದರೆ ಅದು ಸಿಗುತ್ತದೆ.

| ಸೇವಾವಧಿ | ಸರಾಸರಿ ಸಿಬ್ಬಂದಿ | ವರ್ಷದಲ್ಲಿ ಬಿಟ್ಟವರು | ತಿಂಗಳಿಗೆ, 100 ಜನರಲ್ಲಿ ಬಿಡುವವರು |
|---|---|---|---|
| 0–3 ತಿಂಗಳು | 80 | 240 | 25 |
| 3–12 ತಿಂಗಳು | 140 | 110 | 6.5 |
| 1–5 ವರ್ಷ | 380 | 70 | 1.5 |
| 5 ವರ್ಷ ಮೇಲೆ | 400 | 60 | 1.25 |

ಕೊನೆಯ ಕಾಲಂ ಓದಿ. ಈ ಕಾರ್ಖಾನೆಯಲ್ಲಿ ಒಂದು ವರ್ಷ ದಾಟಿದ 780 ಜನರಲ್ಲಿ ತಿಂಗಳಿಗೆ ನೂರಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು ಬಿಡುತ್ತಾರೆ. ಈ ಉದ್ಯಮದಲ್ಲಿ ಅದು ನೆಮ್ಮದಿಯ ಸ್ಥಿತಿ. ಸೋರುತ್ತಿರುವುದು ಯಾವ ಹೊತ್ತಿನಲ್ಲೂ ಎಂಬತ್ತು ಜನರಷ್ಟೇ ಇರುವ ಆ ಮೊದಲ ಗುಂಪಿನಲ್ಲಿ. 'ಶೇ 48' ಎಂದಾಗ ಇಡೀ ಕಾರ್ಖಾನೆ ಅಲುಗಾಡುತ್ತಿದೆ ಎಂಬ ಚಿತ್ರ ಬರುತ್ತದೆ, ಅದು ಸುಳ್ಳು. ಎಂಬತ್ತು ಕುರ್ಚಿಗಳಲ್ಲಿ ಮಾತ್ರ ವರ್ಷವಿಡೀ ಜನ ಬಂದು ಹೋಗುತ್ತಿದ್ದಾರೆ. ವರ್ಷಕ್ಕೆ 'ಶೇ 300' ಎಂದು ಬರೆದರೂ ಲೆಕ್ಕ ಸರಿಯೇ, ಆದರೆ ಆಡಳಿತದವರು ಅದನ್ನು ಓದಿ ಟೈಪಿಂಗ್ ತಪ್ಪು ಎಂದುಕೊಳ್ಳುತ್ತಾರೆ. 'ತಿಂಗಳಿಗೆ ನೂರರಲ್ಲಿ ಇಪ್ಪತ್ತೈದು' ಎಂದರೆ ಯಾರಿಗೂ ಅರ್ಥವಾಗುತ್ತದೆ.

ಕೆಲವು ಕಾರ್ಖಾನೆಗಳು ಹೊಸಬರನ್ನು ಮೊದಲ ವಾರ ಪಟ್ಟಿಗೇ ಸೇರಿಸುವುದಿಲ್ಲ. ಮೂರು ದಿನ ಬಂದು ಹೋದವರ ಗುರುತು ಗೇಟಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಅಂಥ ಕಡೆ ಮೊದಲ ಸಾಲು ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಕೆಲಸ ಮಾಡಿದ ದಿನಗಳ ಕೂಲಿ ಕೊಡಲೇಬೇಕಾದ್ದರಿಂದ ಈ ರೂಢಿ ಬೇರೆ ತೊಂದರೆಗೂ ದಾರಿ.

ವಿಭಾಗ ನೋಡುವಾಗ ಮೋಸ ಹೋಗುವ ಜಾಗ

ಈಗ ಅದೇ 480 ಮಂದಿಯನ್ನು ವಿಭಾಗವಾರು ಹಾಕೋಣ. ಲೆಕ್ಕ ಸುಲಭವಾಗಲಿ ಎಂದು ವರ್ಷದಲ್ಲಿ ಸೇರಿದವರೂ 480 ಎಂದು ಇಟ್ಟುಕೊಂಡಿದ್ದೇನೆ.

| ವಿಭಾಗ | ಸರಾಸರಿ ಸಿಬ್ಬಂದಿ | ಬಿಟ್ಟವರು | ಶೇ | ಹೊಸದಾಗಿ ಸೇರಿದವರು | ಅವರಲ್ಲಿ 90 ದಿನದೊಳಗೆ ಬಿಟ್ಟವರು |
|---|---|---|---|---|---|
| ಕಟಿಂಗ್ | 120 | 26 | 22 | 26 | 13 |
| ಹೊಲಿಗೆ | 640 | 336 | 53 | 300 | 165 |
| ಫಿನಿಷಿಂಗ್ | 200 | 114 | 57 | 150 | 60 |
| ಸ್ಟೋರ್, ಮೇಂಟೆನೆನ್ಸ್ | 40 | 4 | 10 | 4 | 2 |

ಶೇಕಡಾ ಕಾಲಂ ನೋಡಿದವರು ಫಿನಿಷಿಂಗ್ ಇನ್‌ಚಾರ್ಜ್‌ನನ್ನು ಕರೆಸಿ ಬೈಯುತ್ತಾರೆ. ಬಲಗಡೆಯ ಎರಡು ಕಾಲಂ ಬೇರೆ ಕತೆ ಹೇಳುತ್ತವೆ. ಫಿನಿಷಿಂಗ್‌ಗೆ ಸೇರಿದ 150 ಹೊಸಬರಲ್ಲಿ 60 ಮಂದಿ ಹೋದರು, ಅದು ಶೇ 40. ಹೊಲಿಗೆಯಲ್ಲಿ 300ರಲ್ಲಿ 165, ಅದು ಶೇ 55. ಹೊಸಬರನ್ನು ಉಳಿಸಿಕೊಳ್ಳುವುದರಲ್ಲಿ ಫಿನಿಷಿಂಗ್ ವಿಭಾಗವೇ ಮೇಲು. ಹಾಗಾದರೆ ಅದರ ಒಟ್ಟು ಶೇಕಡಾ ಯಾಕೆ ಹೆಚ್ಚು? ಕೆಲಸ ಗೊತ್ತಿಲ್ಲದ ಹುಡುಗಿಯರನ್ನು ದಾರ ಕತ್ತರಿಸಲು, ಮಡಚಲು, ಪ್ಯಾಕಿಂಗ್ ಹೆಲ್ಪರ್ ಆಗಿ ಮೊದಲು ಅಲ್ಲಿಗೇ ಹಾಕುತ್ತಾರೆ. 200 ಜನರ ವಿಭಾಗದಲ್ಲಿ 150 ಹೊಸಬರು ಬಂದರೆ ಹೊಸತನದ ಅಪಾಯವೆಲ್ಲ ಅಲ್ಲೇ ತುಂಬಿಕೊಳ್ಳುತ್ತದೆ. ಜೊತೆಗೆ ವರ್ಷದಲ್ಲಿ 36 ಮಂದಿ ಫಿನಿಷಿಂಗ್‌ನಿಂದ ಮಷೀನ್ ಕಲಿತು ಹೊಲಿಗೆಗೆ ಹೋಗಿದ್ದಾರೆ. ಸೇರಿದವರು 150, ಬಿಟ್ಟವರು 114, ವ್ಯತ್ಯಾಸ 36. ಕಾರ್ಖಾನೆಗೆ ಟೈಲರ್‌ಗಳನ್ನು ತಯಾರಿಸಿಕೊಡುವ ವಿಭಾಗವನ್ನೇ ದೋಷಿ ಎಂದು ತೋರಿಸುವ ವರದಿ ಅದು.

ಹಾಗಾಗಿ ವಿಭಾಗಗಳನ್ನು ಹೋಲಿಸುವಾಗ ಯಾವಾಗಲೂ ಒಂದೇ ಸೇವಾವಧಿಯವರನ್ನು ಹೋಲಿಸಿ. ಅದರಲ್ಲೂ 90 ದಿನದ ಲೆಕ್ಕಕ್ಕೆ 90 ದಿನ ಪೂರ್ತಿಯಾದವರನ್ನು ಮಾತ್ರ ತೆಗೆದುಕೊಳ್ಳಬೇಕು. ಮಾರ್ಚ್ 31ಕ್ಕೆ ವರದಿ ಮಾಡುತ್ತಿದ್ದರೆ ಫೆಬ್ರುವರಿಯಲ್ಲಿ ಸೇರಿದವರು ಇನ್ನೂ ಇದ್ದಾರೆ ಎಂಬುದಕ್ಕೆ ಬೆಲೆಯಿಲ್ಲ, ಅವರಿಗೆ ಹೋಗಲು ಇನ್ನೂ ಸಮಯವಿದೆ. ಜನವರಿ 1ಕ್ಕಿಂತ ಹಿಂದಿನ ಹನ್ನೆರಡು ತಿಂಗಳಲ್ಲಿ ಸೇರಿದವರನ್ನು ಹಿಡಿದರೆ ಎಲ್ಲರಿಗೂ ಸಮಾನ ಅವಕಾಶ ಸಿಕ್ಕಿರುತ್ತದೆ.

ಕಟಿಂಗ್ ಸಾಲಿನಲ್ಲಿ 26ಕ್ಕೆ 13 ಇದೆ, ಶೇ 50. ಇದರ ಮೇಲೆ ಏನನ್ನೂ ಕಟ್ಟಬೇಡಿ. ಮೂರು ಜನ ಹೆಚ್ಚು ಕಡಿಮೆಯಾದರೆ ಶೇಕಡಾ ಹನ್ನೊಂದು ಹನ್ನೆರಡು ಅಂಶ ಅತ್ತಿತ್ತ ಓಡುತ್ತದೆ. ಸ್ಟೋರ್ ಸಾಲಿನ ಬಗ್ಗೆ ಮಾತೇ ಬೇಡ.

ಇನ್ನೊಂದು ಗಮನಿಸಿ: ಬಹಳ ಕಡೆ ಟ್ರೈನಿಂಗ್ ಲೈನನ್ನು ಸಿಸ್ಟಂನಲ್ಲಿ ಪ್ರತ್ಯೇಕ ವಿಭಾಗವಾಗಿ ಇಟ್ಟಿರುತ್ತಾರೆ. ತರಬೇತಿಯಲ್ಲೇ ಬಿಟ್ಟವರು ಅಲ್ಲಿ ಉಳಿದುಬಿಡುತ್ತಾರೆ, ಹೊಲಿಗೆಯ ಲೆಕ್ಕ ಚೊಕ್ಕಟವಾಗಿ ಕಾಣುತ್ತದೆ. ಅವರನ್ನು ಹೊಲಿಗೆಗೆ ಸೇರಿಸಿಯೇ ಎಣಿಸಬೇಕು, ಮತ್ತು ದಿನಗಳನ್ನು ಲೈನಿಗೆ ಬಂದ ದಿನದಿಂದಲ್ಲ, ಗೇಟಿನೊಳಗೆ ಬಂದ ದಿನದಿಂದ ಎಣಿಸಬೇಕು.

ಹೊಲಿಗೆಯ ಒಳಗೆ: ಆ 165 ಮಂದಿ ಯಾರು?

ಈಗ ಅನುಮಾನ ಒಂದು ಜಾಗಕ್ಕೆ ಬಂದಿದೆ: ಹೊಲಿಗೆ ವಿಭಾಗದ ಮೊದಲ ಮೂರು ತಿಂಗಳು. ಅಲ್ಲಿಗೆ ಬಂದ 300 ಹೊಸಬರಲ್ಲಿ 120 ಮಂದಿ ಟ್ರೈನಿಂಗ್ ಲೈನಿನಲ್ಲಿ ಕೆಲವು ವಾರ ಕೂತು ಆಮೇಲೆ ಬ್ಯಾಚಿಗೆ, ಎಂದರೆ ಉತ್ಪಾದನೆಯ ಲೈನಿಗೆ, ಹೋದರು. ಉಳಿದ 180 ಮಂದಿಯನ್ನು ನೇರವಾಗಿ ಬ್ಯಾಚಿಗೇ ಹಾಕಲಾಯಿತು. ತರಬೇತಿ ಪಡೆದವರಲ್ಲಿ 42 ಮಂದಿ ಬಿಟ್ಟರು, ನೇರ ಹೋದವರಲ್ಲಿ 123.

ಇಲ್ಲಿ ಅವಸರ ಬೇಡ. ನೇರ ಹೋದವರಲ್ಲಿ 'ನನಗೆ ಕಾಲರ್ ಬರುತ್ತೆ, ಓವರ್‌ಲಾಕ್ ಬರುತ್ತೆ' ಎಂದು ಹೇಳಿಕೊಂಡು ಬಂದ ಅನುಭವಿಗಳೂ ಇದ್ದಾರೆ. ಅವರು ಸಂಬಳ ಹೋಲಿಸುತ್ತಾ ಗೇಟಿನಿಂದ ಗೇಟಿಗೆ ಹೋಗುವವರು, ತರಬೇತಿ ಕೊಟ್ಟರೂ ಕೊಡದಿದ್ದರೂ ಹೋಗುತ್ತಿದ್ದರೇನೋ. ಅವರನ್ನು ಬೇರೆ ಮಾಡಿ. ನೇರ ಹೋದ 180ರಲ್ಲಿ ಅನುಭವಿಗಳು 80, ಬಿಟ್ಟವರು 48. ಏನೂ ಗೊತ್ತಿಲ್ಲದೆ ನೇರ ಬ್ಯಾಚಿಗೆ ಹೋದವರು 100, ಬಿಟ್ಟವರು 75. ತರಬೇತಿಗೆ ಕೂತ 120 ಮಂದಿಯೂ ಏನೂ ಗೊತ್ತಿಲ್ಲದವರೇ. ಈಗ ಹೋಲಿಕೆ ನ್ಯಾಯವಾಗಿದೆ: ಒಂದೇ ಬಗೆಯ ಹೊಸಬರು, ತರಬೇತಿ ಇದ್ದರೆ ನೂರಕ್ಕೆ 35 ಮಂದಿ ಬಿಡುತ್ತಾರೆ, ಇಲ್ಲದಿದ್ದರೆ 75.

ಆದರೂ ಒಂದು ಪರೀಕ್ಷೆ ಬಾಕಿಯಿದೆ. ಯಾರನ್ನು ತರಬೇತಿಗೆ ಕೂರಿಸಬೇಕು, ಯಾರನ್ನು ನೇರ ಕಳಿಸಬೇಕು ಎಂದು ಯಾರು ಆರಿಸಿದರು? ಚುರುಕಾಗಿ ಕಂಡವರನ್ನೇ ತರಬೇತಿಗೆ ಇಟ್ಟುಕೊಂಡಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ತರಬೇತಿಯಲ್ಲ. ಇದನ್ನು ತಿಳಿಯಲು ಸೇರಿದ ತಿಂಗಳ ಪ್ರಕಾರ ಹಾಕಿ ನೋಡಿ. ಶಿಪ್‌ಮೆಂಟ್ ಒತ್ತಡದ ತಿಂಗಳುಗಳಲ್ಲಿ ಬಂದ ಹೊಸಬರೆಲ್ಲ ನೇರ ಬ್ಯಾಚಿಗೆ, ಒತ್ತಡ ಇಲ್ಲದ ತಿಂಗಳುಗಳಲ್ಲಿ ಬಂದವರೆಲ್ಲ ತರಬೇತಿಗೆ ಹೋಗಿದ್ದರೆ ಆಯ್ಕೆ ಮಾಡಿದ್ದು ಆರ್ಡರ್, ಮನುಷ್ಯರಲ್ಲ. ಆಗ ಹೋಲಿಕೆಯನ್ನು ಬಹುಮಟ್ಟಿಗೆ ನಂಬಬಹುದು. ಪೂರ್ತಿ ಅಲ್ಲ, ಯಾಕೆಂದರೆ ಒತ್ತಡದ ತಿಂಗಳಲ್ಲಿ ಓಟಿ ಹೆಚ್ಚು, ಬೈಗುಳವೂ ಹೆಚ್ಚು.

ಸೂಪರ್‌ವೈಸರ್ ಯಾಕೆ ಹೊಸಬರನ್ನು ಓಡಿಸುತ್ತಾನೆ

ಎಕ್ಸಿಟ್ ಫಾರ್ಮ್‌ಗಳಲ್ಲಿ 'ವೈಯಕ್ತಿಕ ಕಾರಣ' ಎಂದೇ ಇರುತ್ತದೆ. ಫೋನ್ ಮಾಡಿ 'ಯಾಕೆ ಬಿಟ್ಟಿರಿ' ಎಂದರೂ 'ಮನೇಲಿ ಕಷ್ಟ ಮೇಡಂ' ಎಂಬ ಉತ್ತರವೇ ಬರುತ್ತದೆ. ಬಾಕಿ ಸಂಬಳ ಬರಬೇಕು, ಪಿಎಫ್ ಹಣ ಕೈಗೆ ಸಿಗಬೇಕು, ಯಾರು ತಾನೇ ನಿಷ್ಠುರ ಕಟ್ಟಿಕೊಳ್ಳುತ್ತಾರೆ? ಸೆಟಲ್‌ಮೆಂಟ್ ಮುಗಿದು ಒಂದು ತಿಂಗಳಾದ ಮೇಲೆ, ಕನ್ನಡ ಚೆನ್ನಾಗಿ ಬಲ್ಲ ವೆಲ್‌ಫೇರ್ ಆಫೀಸರ್ ಫೋನ್ ಮಾಡಲಿ. ಕಾರಣ ಕೇಳುವ ಬದಲು ವಿಷಯ ಕೇಳಲಿ: ಈಗ ಎಲ್ಲಿಗೆ ಹೋಗುತ್ತಿದ್ದೀರಿ, ಅಲ್ಲಿ ಯಾವ ಮಷೀನಿಗೆ ಹಾಕಿದ್ದಾರೆ, ಇಲ್ಲಿ ಕೊನೆಯ ವಾರ ಯಾವ ಕೆಲಸ ಕೊಟ್ಟಿದ್ದರು. 'ಎರಡನೇ ದಿನವೇ ಸೈಡ್ ಸೀಮ್‌ಗೆ ಕೂರಿಸಿದ್ರು ಮೇಡಂ, ಪೀಸ್ ಗುಡ್ಡೆ ಬಿತ್ತು, ಎಲ್ಲರ ಮುಂದೆ ಕಿರುಚಿದ್ರು' ಎಂಬ ಬಗೆಯ ಮಾತು ಆಗ ತಾನಾಗಿ ಹೊರಬರುತ್ತದೆ. ಅನ್ಯರಾಜ್ಯದಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರಿಗೆ ಅವರ ಭಾಷೆ ಬಲ್ಲವರೇ ಮಾತಾಡಿಸಬೇಕು.

ಈ ಮಾತು ಕೇಳಿದ ಕೂಡಲೇ ಸೂಪರ್‌ವೈಸರ್‌ಗಳಿಗೆ 'ನಯವಾಗಿ ಮಾತಾಡುವ' ತರಬೇತಿ ಕೊಡಿ ಎಂದು ಬರೆಯುವುದು ರೂಢಿ. ಕಿರುಚುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿರುಚಾಟ ಎಲ್ಲಿಂದ ಹುಟ್ಟುತ್ತದೆ ಎಂದು ಗೋಡೆಯ ಮೇಲಿನ ಪ್ರೊಡಕ್ಷನ್ ಬೋರ್ಡ್ ನೋಡಿದರೆ ತಿಳಿಯುತ್ತದೆ. ಬ್ಯಾಚಿನ ದಕ್ಷತೆಯನ್ನು ಹೀಗೆ ಲೆಕ್ಕ ಹಾಕುತ್ತಾರೆ:

```
Efficiency % = (Pieces × SAM) / (Operators × Minutes) × 100
```

SAM ಎಂದರೆ ಒಂದು ಪೀಸ್ ಹೊಲಿಯಲು ನಿಗದಿಯಾದ ನಿಮಿಷಗಳು. 40 ಜನರ ಬ್ಯಾಚ್, ದಿನಕ್ಕೆ 480 ನಿಮಿಷ, SAM 12 ಇರುವ ಒಂದು ಶರ್ಟ್ ಎಂದುಕೊಳ್ಳಿ. 960 ಪೀಸ್ ಇಳಿದರೆ ದಕ್ಷತೆ ಶೇ 60. ಈಗ ಅದೇ ಬ್ಯಾಚಿನಲ್ಲಿ ನಾಲ್ವರು ಪಳಗಿದವರು ಹೋಗಿ, ಆ ಜಾಗಕ್ಕೆ ಇನ್ನೂ ನೇರ ಹೊಲಿಗೆ ಬಾರದ ನಾಲ್ವರು ಬಂದರು ಎನ್ನಿ. ಉಳಿದ 36 ಮಂದಿ ಅದೇ ವೇಗದಲ್ಲಿ ಹೊಲಿದರೂ 864 ಪೀಸ್. ಭಾಗಿಸುವ ಜಾಗದಲ್ಲಿ ಮಾತ್ರ 40 ಜನರೇ ಇದ್ದಾರೆ. ಬೋರ್ಡಿನ ಮೇಲೆ ಶೇ 54. ಸಂಜೆ ಮೀಟಿಂಗ್‌ನಲ್ಲಿ ನಿಂತು ಬೈಸಿಕೊಳ್ಳುವವನು ಸೂಪರ್‌ವೈಸರ್. ಹೊಸಬಳು ಅವನ ಕಣ್ಣಿಗೆ ಕಲಿಯಬೇಕಾದ ಕೈಯಾಗಿ ಕಾಣುವುದಿಲ್ಲ, ತನ್ನ ಶೇಕಡಾವನ್ನು ತಿನ್ನುವ ತಲೆಯಾಗಿ ಕಾಣುತ್ತಾಳೆ. ಅವಳು ಬಿಟ್ಟು ಹೋದರೆ ಭಾಗಿಸುವ ಸಂಖ್ಯೆ ಒಂದು ಕಡಿಮೆಯಾಗುತ್ತದೆ, ಅವನ ಶೇಕಡಾ ಏರುತ್ತದೆ! ಕಾರ್ಖಾನೆಯೇ ಇಟ್ಟಿರುವ ಲೆಕ್ಕ ಹೊಸಬರನ್ನು ಹೊರಗೆ ತಳ್ಳುತ್ತಿದೆ. ನನ್ನ ಮಟ್ಟಿಗೆ ಇಡೀ ವರದಿಯ ಮುಖ್ಯ ಶೋಧನೆ ಇದೇ ಆಗಬೇಕು.

ಸರಿಪಡಿಸುವುದೂ ಆ ಲೆಕ್ಕದಲ್ಲೇ ಇದೆ. ಮೊದಲ ಎಂಟು ವಾರ ಹೊಸಬರನ್ನು ಭಾಗಿಸುವ ಸಂಖ್ಯೆಯಿಂದ ಹೊರಗಿಡಿ. ಮೇಲಿನ ಉದಾಹರಣೆಯಲ್ಲಿ 864 ಪೀಸನ್ನು 36 ಜನರಿಂದ ಭಾಗಿಸಿದರೆ ಮತ್ತೆ ಶೇ 60 ಬರುತ್ತದೆ. ಐಇ, ಎಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್, ವಿಭಾಗದವರು ಬೋರ್ಡಿನಲ್ಲಿ ಒಂದು ಕಾಲಂ ಹೆಚ್ಚು ಬರೆದರೆ ಸಾಕು. ಹೊಸಬಳಿಗೆ ಒಂದೇ ಆಪರೇಷನ್ ಕೊಟ್ಟು, ಮೊದಲ ವಾರ ನಿಗದಿಯ ಕಾಲು ಭಾಗ, ನಾಲ್ಕನೇ ವಾರಕ್ಕೆ ಅರ್ಧ ಎಂಬಂತೆ ಮೆಟ್ಟಿಲು ಇಡಬೇಕು. ಪ್ರೊಡಕ್ಷನ್ ಮ್ಯಾನೇಜರ್ 'ಹಾಗೆ ಮಾಡಿದರೆ ಹೊಸಬರ ನೆಪದಲ್ಲಿ ಹಳಬರನ್ನೂ ಹೊರಗಿಟ್ಟು ತೋರಿಸುತ್ತಾರೆ' ಎನ್ನುತ್ತಾರೆ. ಅವರ ಮಾತು ಸರಿ. ಅದಕ್ಕೇ ಹೊರಗಿಡುವ ಪಟ್ಟಿ ಸೂಪರ್‌ವೈಸರ್ ಕೈಯಲ್ಲಿ ಇರಬಾರದು, ಸೇರಿದ ದಿನಾಂಕ ನೋಡಿ ಎಚ್‌ಆರ್ ಕಳಿಸಬೇಕು.

ಮೂರರಿಂದ ಹನ್ನೆರಡು ತಿಂಗಳು: ಬೇರೆಯೇ ದೋಷ

ಮೂರು ತಿಂಗಳು ದಾಟಿದವರಲ್ಲಿ ಬಿಟ್ಟ 110 ಮಂದಿಗೆ ಕಿರುಚಾಟದ ಭಯ ಹೋಗಿರುತ್ತದೆ, ಕೈಗೆ ಮಷೀನ್ ಬಂದಿರುತ್ತದೆ. ಇವರ ವಿಷಯದಲ್ಲಿ ಎರಡು ದಿನಾಂಕ ಹೋಲಿಸಿ: ಮಷೀನಿನ ಮೇಲೆ ಕೂತ ದಿನ (ಬ್ಯಾಚಿನ ಪ್ರೊಡಕ್ಷನ್ ಶೀಟಿನಲ್ಲಿ ಸಿಗುತ್ತದೆ), ಸಂಬಳ ಪಟ್ಟಿಯಲ್ಲಿ ಹೆಲ್ಪರ್‌ನಿಂದ ಟೈಲರ್ ದರ್ಜೆಗೆ ಬದಲಾದ ದಿನ. ನಡುವೆ ನಾಲ್ಕೈದು ತಿಂಗಳ ಅಂತರ ಕಂಡರೆ ಉತ್ತರ ಸಿಕ್ಕಿತು. ಕನಿಷ್ಠ ವೇತನದ ಅಧಿಸೂಚನೆಯಲ್ಲೇ ಕೌಶಲಕ್ಕೆ ತಕ್ಕ ದರ್ಜೆಗಳಿವೆ. ಟೈಲರ್ ಕೆಲಸ ಮಾಡಿಸಿಕೊಂಡು ಹೆಲ್ಪರ್ ಸಂಬಳ ಕೊಡುವುದು ಅಟ್ರಿಷನ್‌ಗಿಂತ ದೊಡ್ಡ ತಕರಾರು. ಪಕ್ಕದ ಕಾರ್ಖಾನೆಯವರು ಗೇಟಿನಲ್ಲೇ ಟೆಸ್ಟ್ ತೆಗೆದುಕೊಂಡು ಟೈಲರ್ ಎಂದು ಹಾಕಿಕೊಳ್ಳುತ್ತಾರೆ, ಹುಡುಗಿ ಹೋಗುತ್ತಾಳೆ. ಪ್ರತಿ ತಿಂಗಳ ಒಂದು ನಿಗದಿತ ದಿನ ಸ್ಕಿಲ್ ಟೆಸ್ಟ್ ನಡೆಸಿ, ಪಾಸಾದವರ ದರ್ಜೆ ಅದೇ ತಿಂಗಳ ಸಂಬಳದಿಂದ ಬದಲಾಗಲಿ.

ಐದು ವರ್ಷ ಮೇಲಿನ 60 ಮಂದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಏಪ್ರಿಲ್ 1ರಿಂದ ಬದಲಾಗುವಾಗ ಹೊಸಬರಿಗೂ ಹಳಬರಿಗೂ ಸೇರುತ್ತದೆ. ಕಾರ್ಖಾನೆ ತಾನಾಗಿ ಹೆಚ್ಚುವರಿ ಇಂಕ್ರಿಮೆಂಟ್ ಕೊಡದಿದ್ದರೆ ಹತ್ತು ವರ್ಷದ ಟೈಲರ್‌ಗೂ ಹತ್ತು ತಿಂಗಳ ಟೈಲರ್‌ಗೂ ಸಂಬಳದಲ್ಲಿ ಅಂತರವೇ ಉಳಿಯುವುದಿಲ್ಲ. ಆ ಅಂತರ ಎಷ್ಟಿದೆ ಎಂದು ಸಂಬಳ ಪಟ್ಟಿಯಿಂದ ತೆಗೆದು ವರದಿಗೆ ಒಂದು ಸಾಲು ಸೇರಿಸಿ. ಜೊತೆಗೆ ಅವರು ಬಿಟ್ಟ ತಿಂಗಳು ನೋಡಿ. ಬೋನಸ್ ಕೈಗೆ ಬಂದ ಮರುತಿಂಗಳು ಗುಂಪಾಗಿ ಹೋಗಿದ್ದರೆ ಅವರು ಮೊದಲೇ ತೀರ್ಮಾನಿಸಿ ಹಣಕ್ಕಾಗಿ ಕಾಯುತ್ತಿದ್ದರು. ಬೋನಸ್ ಅವರನ್ನು ಉಳಿಸಿಕೊಂಡಿತು ಎಂದು ಭಾವಿಸಬೇಡಿ.

ಆಡಳಿತದ ಮುಂದೆ ಇಡುವ ಪುಟ

ಮೇಲಿನದೆಲ್ಲ ನಿಮ್ಮ ಫೈಲಿನಲ್ಲಿರಲಿ. ಮೇಲೆ ಹೋಗುವುದು ಒಂದೇ ಪುಟ, ಮತ್ತು ಅದು ಹೆಚ್ಚುಕಡಿಮೆ ಹೀಗಿರಬಹುದು:

"ಈ ವರ್ಷ ಕೆಲಸ ಬಿಟ್ಟವರು 480. ಇದಲ್ಲದೆ 51 ಮಂದಿ ಬಿಟ್ಟು ಮತ್ತೆ ಸೇರಿದ್ದಾರೆ. ಒಂದು ವರ್ಷ ದಾಟಿದವರು ಸ್ಥಿರವಾಗಿದ್ದಾರೆ. ಅರ್ಧದಷ್ಟು ನಿರ್ಗಮನ ಮೊದಲ ಮೂರು ತಿಂಗಳಲ್ಲಿ ಆಗಿದೆ, ಹೆಚ್ಚಿನದು ಹೊಲಿಗೆಯಲ್ಲಿ. ಫಿನಿಷಿಂಗ್‌ನ ಒಟ್ಟು ಪ್ರಮಾಣ ಹೆಚ್ಚು ಕಂಡರೂ ಅದಕ್ಕೆ ಕಾರಣ ಅಲ್ಲಿ ಹೊಸಬರು ಹೆಚ್ಚಿರುವುದು. ಕೆಲಸ ಗೊತ್ತಿಲ್ಲದವರನ್ನು ನೇರ ಬ್ಯಾಚಿಗೆ ಹಾಕಿದಾಗ 100ರಲ್ಲಿ 75 ಮಂದಿ ಬಿಟ್ಟಿದ್ದಾರೆ, ತರಬೇತಿಯ ನಂತರ ಹಾಕಿದಾಗ 35. ಹೊಸಬರನ್ನು ದಕ್ಷತೆಯ ಲೆಕ್ಕದಲ್ಲಿ ಸೇರಿಸುವುದರಿಂದ ಅವರನ್ನು ಉಳಿಸಿಕೊಳ್ಳಲು ಸೂಪರ್‌ವೈಸರ್‌ಗೆ ಕಾರಣವೇ ಇಲ್ಲದಂತಾಗಿದೆ.

ಕೇಳಿಕೊಳ್ಳುವುದು ಮೂರು. ಎಂಟು ವಾರ ಹೊಸಬರನ್ನು ದಕ್ಷತೆಯ ಲೆಕ್ಕದಿಂದ ಬಿಡುವುದು, ಹೊಣೆ ಐಇ ಮುಖ್ಯಸ್ಥರದು. ತರಬೇತಿ ಇಲ್ಲದೆ ಯಾರನ್ನೂ ಬ್ಯಾಚಿಗೆ ಕಳಿಸದಿರುವುದು, ಶಿಪ್‌ಮೆಂಟ್ ತಿಂಗಳಲ್ಲೂ, ಹೊಣೆ ಪ್ರೊಡಕ್ಷನ್ ಮ್ಯಾನೇಜರ್ ಅವರದು. ತಿಂಗಳಿಗೊಮ್ಮೆ ಸ್ಕಿಲ್ ಟೆಸ್ಟ್ ಮತ್ತು ಅದೇ ತಿಂಗಳು ದರ್ಜೆ ಬದಲಾವಣೆ, ಹೊಣೆ ಎಚ್‌ಆರ್‌ದು."

ತರಬೇತಿಯಿಂದ ಎಷ್ಟು ಜನ ಉಳಿಯಬಹುದು ಎಂದು ಕೇಳುತ್ತಾರೆ. ನೇರ ಹೋದ 100 ಮಂದಿಯನ್ನೂ ತರಬೇತಿಗೆ ಕೂರಿಸಿದ್ದರೆ 75ರ ಬದಲು 35 ಮಂದಿ ಬಿಡುತ್ತಿದ್ದರು, ಆಗ 40 ಮಂದಿ ಉಳಿಯುತ್ತಿದ್ದರು ಎಂಬುದು ಲೆಕ್ಕದ ಗರಿಷ್ಠ. ಅದನ್ನು ಗರಿಷ್ಠ ಎಂದೇ ಹೇಳಿ, ಭರವಸೆ ಎಂದು ಹೇಳಬೇಡಿ. ಮೂರು ತಿಂಗಳು ದಾಟಿದವರಲ್ಲಿ ಕೆಲವರು ಐದನೇ ತಿಂಗಳಲ್ಲಿ ಹೋಗಿಯೇ ಹೋಗುತ್ತಾರೆ.

ಸರಿಯಾಯಿತೇ ಎಂದು ತಿಳಿಯುವುದು

ಕ್ರಮ ಜಾರಿಯಾದ ಮೇಲೆ ವಾರ್ಷಿಕ ಶೇಕಡಾ ನೋಡುತ್ತಾ ಕೂರಬೇಡಿ, ಅದು ತಿಂಗಳುಗಟ್ಟಲೆ ಹಳೆಯ ಅಂಕಿಗಳನ್ನೇ ಹೊತ್ತಿರುತ್ತದೆ. ಸೇರಿದ ತಿಂಗಳ ಗುಂಪುಗಳನ್ನು ನೋಡಿ: ಜೂನ್‌ನಲ್ಲಿ ಸೇರಿದವರಲ್ಲಿ 30, 60, 90ನೇ ದಿನ ಎಷ್ಟು ಮಂದಿ ಇದ್ದಾರೆ, ಜುಲೈನವರಲ್ಲಿ ಎಷ್ಟು. ಒಂದು ತಿಂಗಳಲ್ಲಿ ಹೊಲಿಗೆಗೆ ಸೇರುವುದೇ ಸುಮಾರು 25 ಮಂದಿಯಾದ್ದರಿಂದ ಒಂದೇ ತಿಂಗಳ ಏರಿಳಿತಕ್ಕೆ ಕುಣಿಯಬಾರದು, ಅಳಲೂಬಾರದು. ಮೂರು ತಿಂಗಳ ಗುಂಪನ್ನು ಸೇರಿಸಿ ಓದಿ.

30ನೇ ದಿನದ ಸಂಖ್ಯೆ ಸುಧಾರಿಸಿ 90ನೇ ದಿನದ್ದು ಹಾಗೇ ಉಳಿದರೆ ತರಬೇತಿ ಕೆಲಸ ಮಾಡುತ್ತಿದೆ, ಬ್ಯಾಚಿಗೆ ಹೋದ ಮೇಲೆ ಹಳೆಯ ಕತೆಯೇ ನಡೆಯುತ್ತಿದೆ ಎಂದರ್ಥ. ಆಗ ಪ್ರೊಡಕ್ಷನ್ ಬೋರ್ಡಿನ ಮುಂದೆ ಹೋಗಿ ನಿಂತು, ಭಾಗಿಸುವ ಸಂಖ್ಯೆಯಿಂದ ಹೊಸಬರನ್ನು ನಿಜವಾಗಿಯೂ ಬಿಟ್ಟಿದ್ದಾರೆಯೇ ಎಂದು ತಲೆ ಎಣಿಸಿ. ಎರಡೂ ಸುಧಾರಿಸದಿದ್ದರೆ ದೋಷ ಕಾರ್ಖಾನೆಯ ಒಳಗೆ ಬರುವ ಮೊದಲೇ ಇದೆ. ಊರಿಂದ ಜನರನ್ನು ಕರೆತರುವ ಏಜೆಂಟ್ ಎಷ್ಟು ಸಂಬಳ, ಎಷ್ಟು ಗಂಟೆ, ವ್ಯಾನ್ ಎಷ್ಟು ಹೊತ್ತಿಗೆ ಎಂದು ಹೇಳಿ ಕರೆತಂದ, ಇಲ್ಲಿ ಸಿಕ್ಕಿದ್ದು ಏನು ಎಂಬ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹುಡುಕಾಟವನ್ನು ಅಲ್ಲಿಂದ ಶುರು ಮಾಡಬೇಕು.